ಮಗು ಅಪ್ಪನ ಮನೆಗೆ ಹೋದ ರಾತ್ರಿಯೂ ನನಗೆ ನಿದ್ದೆ ಬರುವುದಿಲ್ಲ

ನೀಲಿಕೊಡೆ

ನಾವು ಬೇರೆಯಾಗಿ 19 ತಿಂಗಳಾಯಿತು. ಮಗನಿಗೆ ಐದು ವರ್ಷ. ಅವನು ನನ್ನ ಜೊತೆ ಇರುತ್ತಾನೆ, ವಾರ ಬಿಟ್ಟು ವಾರ ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಅವನ ಅಪ್ಪನ ಮನೆಯಲ್ಲಿ. ಜಗಳ, ಕೂಗಾಟ ಏನೂ ಈಗ ಇಲ್ಲ. ಅವರು ಮಗುವನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ.

ನನ್ನ ಕಷ್ಟ ಇದು. ಮಗ ಮನೆಯಲ್ಲಿರುವಾಗ ಅವನು ಮಗ್ಗುಲು ಬದಲಿಸಿದರೂ ಎಚ್ಚರವಾಗುತ್ತದೆ. ಸರಿ, ಅದು ತಾಯಿಯ ನಿದ್ದೆ ಎಂದುಕೊಂಡೆ. ಆದರೆ ಅವನು ಇಲ್ಲದ ಎರಡು ರಾತ್ರಿಯೂ ಮೂರು ಗಂಟೆಗೆ ಕಣ್ಣು ತೆರೆಯುತ್ತದೆ. ಎದ್ದು ಅವನ ಕೋಣೆಗೆ ಹೋಗಿ ಖಾಲಿ ಹಾಸಿಗೆ ನೋಡಿ ಬರುತ್ತೇನೆ. ಮತ್ತೆ ಮಲಗಿದರೆ ಬೆಳಗಾಗುವವರೆಗೂ ಮನೆ ಎಷ್ಟು ನಿಶ್ಶಬ್ದವಾಗಿದೆ ಎನ್ನುವುದೊಂದೇ ತಲೆಯಲ್ಲಿ. ಆ ಎರಡು ದಿನ ವಿಶ್ರಾಂತಿ ಸಿಗುತ್ತದೆ ಎಂದು ಹನ್ನೆರಡು ದಿನ ಕಾಯುತ್ತೇನೆ, ಭಾನುವಾರ ಸಂಜೆ ಅವನು ಬರುವಾಗ ಇನ್ನಷ್ಟು ಸೋತಿರುತ್ತೇನೆ.

ಇದನ್ನು ಬರೆಯಲು ಕಾರಣ ಕಳೆದ ವಾರದ ಒಂದು ರಾತ್ರಿ. ಮಗನಿಗೆ ಜ್ವರ. ಒಂದೂವರೆಗೆ ಎದ್ದು ಪ್ಯಾರಾಸಿಟಮಾಲ್ ಸಿರಪ್ ಕೊಟ್ಟೆ. ನಾಲ್ಕು ಗಂಟೆಗೆ ಅವನು ಅಳುತ್ತಾ ಎದ್ದ, ಮೈ ಬಿಸಿ ಇತ್ತು. ಬಾಟಲಿ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತೆ. ಒಂದೂವರೆಗೆ ಕೊಟ್ಟಿದ್ದು ನಿಜವೋ, ಕೊಡಬೇಕು ಎಂದುಕೊಂಡು ನಿದ್ದೆಹೋದೆನೋ ನೆನಪಾಗಲೇ ಇಲ್ಲ. ಚಮಚ ತೊಟ್ಟಿಯಲ್ಲಿ ಒದ್ದೆಯಾಗಿತ್ತು, ಆದರೆ ಅದು ರಾತ್ರಿ ಊಟದ ಚಮಚವೂ ಆಗಿರಬಹುದಿತ್ತು. "ನೀನು ಕೊಟ್ಟೆಯಾ?" ಎಂದು ಕೇಳಲು ಇನ್ನೊಂದು ಜೀವ ಮನೆಯಲ್ಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ.

ಇದು ದೇಹದ ದಣಿವೇ, ಮನಸ್ಸಿನದೇ? ನಿಮಗೆ ಹೀಗಾಗಿದೆಯೇ?

ಅಂಗಳ

ಮಗು ಮಲಗಿದಾಗ ನೀವೂ ಮಲಗಿಬಿಡಿ. ಉಳಿದ ಕೆಲಸ ಬೆಳಿಗ್ಗೆ ನೋಡಿಕೊಳ್ಳಬಹುದು.

ಬೆಳಗಿನ ಜಾವ

ಅಂಗಳ, ಬೆಳಿಗ್ಗೆ ಯಾರು ನೋಡಿಕೊಳ್ಳುತ್ತಾರೆ? ಬೆಳಿಗ್ಗೆಯೂ ಅವರೊಬ್ಬರೇ ಇರುವುದು. ಈ ಮಾತನ್ನು ನನಗೂ ಎಲ್ಲರೂ ಹೇಳಿದ್ದಾರೆ. ಒಬ್ಬರೂ ಬಂದು ಒಂದು ಬಕೆಟ್ ಬಟ್ಟೆ ಒಗೆದುಕೊಡಲಿಲ್ಲ.

ರಾತ್ರಿಪಾಳಿ

ನಾನು ಮಕ್ಕಳ ವಾರ್ಡಿನಲ್ಲಿ 16 ವರ್ಷದಿಂದ ನರ್ಸ್. ಮಗಳನ್ನು ಒಬ್ಬಳೇ ಬೆಳೆಸಿದ್ದೇನೆ, ಅವಳಿಗೀಗ ಹದಿನಾಲ್ಕು.

ಮೊದಲು ಔಷಧದ ವಿಷಯ, ಅದು ಕಾಯುವಂಥದ್ದಲ್ಲ. ಅಡುಗೆಮನೆ ಗೋಡೆಗೆ ಒಂದು ಹಾಳೆ ಅಂಟಿಸಿ, ದಾರ ಕಟ್ಟಿದ ಪೆನ್ನು ತೂಗುಹಾಕಿ. ಮೇಲೆ ಮಗುವಿನ ತೂಕ, ವೈದ್ಯರು ಹೇಳಿದ ಪ್ರಮಾಣ ಎಷ್ಟು ಎಂಎಲ್ ಎನ್ನುವುದು, ನಿಮ್ಮ ಮನೆಯಲ್ಲಿರುವ ಬಾಟಲಿಯ ಶಕ್ತಿ. ಈ ಕೊನೆಯದು ಮುಖ್ಯ. ಒಂದೇ ಔಷಧ 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಹೊಸ ಬಾಟಲಿ ತಂದಾಗ ಹಳೆಯ ಅಳತೆಯಲ್ಲೇ ಕೊಟ್ಟರೆ ಎರಡು ಪಟ್ಟಾಗಬಹುದು. ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕ. ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರ, 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚು ಬೇಡ. ಕೊಡುವ ಮೊದಲು ಸಮಯ ಬರೆಯಿರಿ, ಆಮೇಲೆ ಕೊಡಿ, ಕೊಟ್ಟ ಮೇಲೆ ಗುರುತು ಹಾಕಿ. ವಾರ್ಡಿನಲ್ಲಿ ನಾವು ನಮ್ಮ ನೆನಪನ್ನು ನಂಬುವುದೇ ಇಲ್ಲ. ಮನೆಯಲ್ಲಿ ಒಬ್ಬರೇ ಇದ್ದಾಗ ನೀವು ಏಕೆ ನಂಬಬೇಕು? ಒಂದೂವರೆಗೆ ಕೊಟ್ಟಿದ್ದೀರೋ ಇಲ್ಲವೋ ಎಂಬ ಸಂಶಯ ಇದ್ದಾಗ ಕೊಟ್ಟಿದ್ದೇನೆ ಎಂದೇ ಲೆಕ್ಕ ಹಿಡಿದು ಕಾಯುವುದು ಸುರಕ್ಷಿತ. ಮಗು ನೀರು ಕುಡಿಯುತ್ತಿದೆಯೇ, ಉಸಿರಾಟ ಸರಾಗವಾಗಿದೆಯೇ, ಕರೆದರೆ ಓಗೊಡುತ್ತದೆಯೇ ಎಂದು ನೋಡಿ. ಅದರಲ್ಲಿ ಯಾವುದಾದರೂ ಇಲ್ಲವೆಂದರೆ ಔಷಧದ ಲೆಕ್ಕ ಬಿಟ್ಟು ಆಸ್ಪತ್ರೆಗೆ ಹೊರಡಿ.

ಇನ್ನು ನಿದ್ದೆ. ನಿಮ್ಮದು ಪಾಳಿಯಲ್ಲಿರುವವರ ನಿದ್ದೆ. 1988ರಲ್ಲಿ ಸ್ವೀಡನ್ನಿನ ಟೋರ್ಸ್‌ವಾಲ್ ಮತ್ತು ಓಕರ್‌ಸ್ಟೆಟ್ ಎಂಬ ಸಂಶೋಧಕರು ಹಡಗಿನ ಎಂಜಿನಿಯರುಗಳ ನಿದ್ದೆ ಅಳೆದಿದ್ದರು. ಯಂತ್ರದ ಗಂಟೆ ಬಾರಿಸಿದರೆ ಏಳಬೇಕು ಎಂಬ ಜವಾಬ್ದಾರಿ ಇದ್ದ ರಾತ್ರಿ ಅವರಿಗೆ ಗಾಢ ನಿದ್ದೆ ಕಡಿಮೆಯಾಗುತ್ತಿತ್ತು, ಗಂಟೆ ಬಾರಿಸುವ ಮೊದಲೇ ನಿದ್ದೆ ಹಗುರವಾಗಿರುತ್ತಿತ್ತು. ಕರೆ ಬರಬಹುದು ಎಂಬ ಕಾಯುವಿಕೆಯೇ ನಿದ್ದೆಯನ್ನು ಕೆಡಿಸುತ್ತದೆ. ಮಗ ಅಪ್ಪನ ಮನೆಯಲ್ಲಿರುವಾಗ ನಿಮ್ಮ ಫೋನ್ ಎಲ್ಲಿರುತ್ತದೆ?

ನೀಲಿಕೊಡೆ

ದಿಂಬಿನ ಪಕ್ಕ. ಗಂಟೆ ಜೋರಾಗಿ ಇಟ್ಟು.

ಕರೆಯೂ ಬರುತ್ತದೆ. "ಅವನ ನೀಲಿ ಹೊದಿಕೆ ಎಲ್ಲಿ?", "ಕೆಮ್ಮುತ್ತಿದ್ದಾನೆ, ಏನು ಕೊಡಲಿ?", "ಮಲಗುತ್ತಿಲ್ಲ, ನೀನು ಏನು ಮಾಡುತ್ತೀಯೆ?" ಶುಕ್ರವಾರ ರಾತ್ರಿ ಮೂರು ಸಲವಾದರೂ ಕರೆ ಬಂದೇ ಬರುತ್ತದೆ.

ರಾತ್ರಿಪಾಳಿ

ಅಂದರೆ ಮಗು ಆ ಮನೆಗೆ ಹೋಗಿದೆ, ಪಾಳಿ ನಿಮ್ಮಲ್ಲೇ ಉಳಿದಿದೆ.

ಸಮಾಧಾನ

ತಂಗಿ, ಇದನ್ನು ಓದಿ ಬೇಸರವಾಯಿತು. ಅಷ್ಟು ಗೊತ್ತಿಲ್ಲದ ಮನುಷ್ಯನ ಬಳಿ ಮಗುವನ್ನು ಏಕೆ ಕಳುಹಿಸುತ್ತೀರಿ? ಒಳ್ಳೆಯ ವಕೀಲರನ್ನು ಹಿಡಿದು ಪೂರ್ತಿ ಹಕ್ಕು ನಿಮಗೇ ಬರುವಂತೆ ಮಾಡಿಕೊಳ್ಳಿ. ಮಗು ಕಣ್ಣೆದುರಿಗಿದ್ದರೆ ನಿದ್ದೆ ತಾನಾಗಿ ಬರುತ್ತದೆ.

ನೀಲಿಕೊಡೆ

ಇಲ್ಲ ಅಣ್ಣ, ನಾನು ಕೇಳಿದ್ದು ಅದಲ್ಲ. ಮಗನಿಗೆ ಅಪ್ಪ ಬೇಕು, ಅಪ್ಪನಿಗೂ ಅವನು ಬೇಕು. ಅವನನ್ನು ನನ್ನ ನಿದ್ದೆಗಾಗಿ ಅಪ್ಪನಿಂದ ದೂರ ಮಾಡುವುದಿಲ್ಲ. ಮಗ ಕಣ್ಣೆದುರಿಗಿರುವ ಹನ್ನೆರಡು ರಾತ್ರಿಯೂ ನಿದ್ದೆಯಿಲ್ಲ ಎಂದು ಮೇಲೆಯೇ ಬರೆದಿದ್ದೇನೆ.

ಹಸಿರು ಬಾಗಿಲು

ನನ್ನ ಅನುಭವದಲ್ಲಿ ಇದು ಪೂರ್ತಿ ದೇಹದ್ದು. ನನಗೂ ಹೀಗೇ ಆಗಿತ್ತು, ರಕ್ತ ಪರೀಕ್ಷೆ ಮಾಡಿಸಿದರೆ ಕಬ್ಬಿಣ ಕಡಿಮೆ. ಮಾತ್ರೆ ತೆಗೆದುಕೊಂಡೆ, ಎರಡು ತಿಂಗಳಿಗೆ ಸರಿಯಾಯಿತು. ಮನಸ್ಸು ಒಂಟಿತನ ಎಂದು ಕೊರಗುವ ಮೊದಲು ರಕ್ತ ನೋಡಿಸಿ.

ರಾತ್ರಿಪಾಳಿ

ನೋಡಿಸುವುದು ಒಳ್ಳೆಯದೇ, ನಾನೂ ಹೇಳಬೇಕೆಂದಿದ್ದೆ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು, ಹಾಗಾಗಿ ಫೆರಿಟಿನ್ ಕೂಡ ಕೇಳಿ. ಥೈರಾಯ್ಡ್ ಕೂಡ. ಆದರೆ ರಕ್ತ ಸರಿ ಬಂದರೆ ದಣಿವು ಸುಳ್ಳು ಎಂದಾಗುವುದಿಲ್ಲ. ಕಬ್ಬಿಣ ಏರಿದ ಮಾತ್ರಕ್ಕೆ ರಾತ್ರಿ ನಾಲ್ಕಕ್ಕೆ ಕೇಳಲು ಇನ್ನೊಬ್ಬರು ಹುಟ್ಟಿಕೊಳ್ಳುವುದೂ ಇಲ್ಲ.

ಇಬ್ಬರು ಹೆಣ್ಣುಮಕ್ಕಳ ಅಪ್ಪ

ಒಂಬತ್ತು ಮತ್ತು ಆರು ವರ್ಷದ ಹೆಣ್ಣುಮಕ್ಕಳು ನನ್ನ ಜೊತೆ ಇದ್ದಾರೆ. ಅವರ ಅಮ್ಮ ಬೇರೆ ದೇಶದಲ್ಲಿದ್ದಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ಹಾಗಾಗಿ ನನಗೆ ವಾರ ಬಿಟ್ಟು ವಾರದ ಬಿಡುವೂ ಇಲ್ಲ.

ಮಕ್ಕಳೇ ನನ್ನ ನಿದ್ದೆ ಕೆಡಿಸುತ್ತಾರೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಒಮ್ಮೆ ಕಚೇರಿಗೆ ಹೋಗುವಾಗ ಸಿಗ್ನಲ್ಲಿನಲ್ಲಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಿದ್ದೆಹೋದೆ. ಹಿಂದಿನವರು ಹಾರ್ನ್ ಮಾಡಿದಾಗ ಎಚ್ಚರವಾಯಿತು. ಹಿಂದಿನ ಸೀಟಿನಲ್ಲಿ ಚಿಕ್ಕವಳು ಕುಳಿತಿದ್ದಳು. ಅವತ್ತೇ ಒಂದು ನೋಟ್‌ಬುಕ್ ತೆಗೆದುಕೊಂಡು 14 ರಾತ್ರಿ ಬರೆದೆ: ಮಕ್ಕಳು ಮಲಗಿದ ಸಮಯ, ನಾನು ದೀಪ ಆರಿಸಿದ ಸಮಯ, ಎಚ್ಚರವಾದದ್ದು ಯಾರಿಂದ.

ಲೆಕ್ಕ ಹಾಕಿದಾಗ ನನಗೇ ನಂಬಲಾಗಲಿಲ್ಲ. ಹದಿನಾಲ್ಕು ರಾತ್ರಿಯಲ್ಲಿ ಮಕ್ಕಳು ಎಬ್ಬಿಸಿದ್ದು ಐದೇ ರಾತ್ರಿ. ಅವರು ಸುಮಾರು 9:15ಕ್ಕೆ ಮಲಗುತ್ತಿದ್ದರು, ನಾನು ದೀಪ ಆರಿಸುತ್ತಿದ್ದದ್ದು 12:40ಕ್ಕೆ. ಏಳುವುದು 6ಕ್ಕೆ. ಅಂದರೆ ಹಾಸಿಗೆಯಲ್ಲಿ ಇದ್ದದ್ದೇ ಐದು ಗಂಟೆ ಇಪ್ಪತ್ತು ನಿಮಿಷ. ನಡುವಿನ ಮೂರೂವರೆ ಗಂಟೆಯಲ್ಲಿ ಪಾತ್ರೆ, ಬಟ್ಟೆ, ಶಾಲೆಯ ಚೀಲ ಎಲ್ಲ ಸೇರಿ ಒಂದೂಕಾಲು ಗಂಟೆ. ಉಳಿದದ್ದು ಮೊಬೈಲ್ ಹಿಡಿದು ಸೋಫಾದ ಮೇಲೆ.

ಇದನ್ನು ಸೋಮಾರಿತನ ಎಂದು ಬೈದುಕೊಂಡು ಒಂದು ವಾರ ಫೋನ್ ಬಿಟ್ಟೆ. ಎಂಟನೆಯ ದಿನ ಮತ್ತೆ ಅಲ್ಲೇ. ಆಮೇಲೆ ಅರ್ಥವಾಯಿತು. ಇಡೀ ದಿನದಲ್ಲಿ ಯಾರೂ ನನ್ನನ್ನು "ಅಪ್ಪಾ" ಎಂದು ಕರೆಯದ, ಯಾರೂ "ಸರ್" ಎನ್ನದ ಹೊತ್ತು ಅದೊಂದೇ. ಕೆಲಸ ಮುಗಿಸಿ ಆ ಹೊತ್ತಿಗೆ ತಲುಪುವಾಗ ಹನ್ನೊಂದು. ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ ನಿದ್ದೆಯನ್ನು ಬಿಟ್ಟುಕೊಡುತ್ತಿದ್ದೆ. ಹಾಗಾಗಿ ಕ್ರಮ ತಿರುಗಿಸಿದೆ. ಮಕ್ಕಳು ಮಲಗಿದ ತಕ್ಷಣ ತೊಟ್ಟಿಯಲ್ಲಿ ಪಾತ್ರೆ ಬಿದ್ದಿದ್ದರೂ ಮುಕ್ಕಾಲು ಗಂಟೆ ನನ್ನದು. ಆಮೇಲೆ ಕೆಲಸ, 11:15ಕ್ಕೆ ದೀಪ ಆರಿಸುವುದು. ಈಗ ಆರೂಮುಕ್ಕಾಲು ಗಂಟೆ ಸಿಗುತ್ತಿದೆ. ಸಾಕೇ ಎಂದರೆ ಸಾಲದು. ಆದರೆ ಗಾಡಿಯಲ್ಲಿ ತೂಕಡಿಕೆ ನಿಂತಿದೆ.

ಅಂಗಳ

ಐದೂವರೆ ಗಂಟೆಗೂ ದೇಹ ಒಗ್ಗಿಕೊಳ್ಳುತ್ತದೆ ಎನ್ನುತ್ತಾರಲ್ಲ?

ರಾತ್ರಿಪಾಳಿ

ಒಗ್ಗಿಕೊಂಡಂತೆ ಅನಿಸುತ್ತದೆ, ಅದೇ ಅಪಾಯ. 2003ರಲ್ಲಿ ಪ್ರಕಟವಾದ ವಾನ್ ಡಾಂಗನ್ ತಂಡದ ಪ್ರಯೋಗದಲ್ಲಿ ಆರೋಗ್ಯವಂತರನ್ನು 14 ದಿನ ರಾತ್ರಿಗೆ ಆರು ಗಂಟೆ ಮಾತ್ರ ಹಾಸಿಗೆಯಲ್ಲಿ ಇರಲು ಬಿಟ್ಟರು. ಕೊನೆಗೆ ಅವರ ಗಮನ ಇಡೀ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಆದರೆ "ಎಷ್ಟು ನಿದ್ದೆ ಬರುತ್ತಿದೆ?" ಎಂದು ಕೇಳಿದರೆ ಸ್ವಲ್ಪ ಮಾತ್ರ ಎನ್ನುತ್ತಿದ್ದರು. ನೀಲಿಕೊಡೆಯವರಿಗೆ ಔಷಧ ಕೊಟ್ಟದ್ದು ನೆನಪಾಗದೇ ಹೋದದ್ದು ಪ್ರೀತಿ ಕಡಿಮೆಯಾಗಿ ಅಲ್ಲ.

ಓದುಗ ಮೂಲೆ

ನಿದ್ದೆಯ ಮಾತಿನಲ್ಲಿ ಒಂಟಿತನ ಹಿಂದೆ ಸರಿಯುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ. ರಾಬರ್ಟ್ ವೈಸ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1960ರ ದಶಕದಲ್ಲಿ ಸಂಗಾತಿಯಿಲ್ಲದ ತಂದೆತಾಯಿಯರ ಒಂದು ಸಂಘದವರನ್ನು ಬಹಳ ಕಾಲ ಗಮನಿಸಿದ್ದರು. ಸಂಘ ಸೇರಿದವರಿಗೆ ಗೆಳೆಯರು ಸಿಕ್ಕರು, ಮಾತುಕತೆ ಸಿಕ್ಕಿತು, ಆದರೂ ಮನೆಗೆ ಬಂದ ಮೇಲಿನ ಒಂಟಿತನ ಹಾಗೆಯೇ ಉಳಿಯಿತು. ಅಲ್ಲಿಂದ ಅವರು ಒಂಟಿತನ ಎರಡು ಬಗೆ ಎಂದರು. ಬಳಗವಿಲ್ಲದ ಒಂಟಿತನ ಒಂದು, ತನ್ನದೆನ್ನುವ ಒಬ್ಬರೇ ಇಲ್ಲದ ಒಂಟಿತನ ಇನ್ನೊಂದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. "ಹೊರಗೆ ಹೋಗಿ, ನಾಲ್ಕು ಜನರ ಜೊತೆ ಬೆರೆಯಿರಿ" ಎನ್ನುವ ಸಲಹೆ ಏಕೆ ಅಷ್ಟು ಟೊಳ್ಳಾಗಿ ಕೇಳಿಸುತ್ತದೆ ಎಂದು ನನಗೆ ಆಗ ಅರ್ಥವಾಯಿತು.

ಬೆಳಗಿನ ಜಾವ

ಒಪ್ಪುವುದಿಲ್ಲ. ನನಗೆ ಗುಂಪೇ ಆಸರೆಯಾಯಿತು. ಅದೂ ಮಾತಿಗಿಂತ ಕೆಲಸ ಹಂಚಿಕೊಂಡದ್ದರಿಂದ. ಮಗಳ ತರಗತಿಯ ಇನ್ನೊಬ್ಬ ಒಂಟಿ ತಾಯಿ ಮತ್ತು ನಾನು ಒಪ್ಪಂದ ಮಾಡಿಕೊಂಡಿದ್ದೇವೆ. ಒಂದು ಗುರುವಾರ ರಾತ್ರಿ ಇಬ್ಬರೂ ಮಕ್ಕಳು ಅವರ ಮನೆಯಲ್ಲಿ, ಮುಂದಿನ ಗುರುವಾರ ನನ್ನ ಮನೆಯಲ್ಲಿ.

ಮೊದಲ ಸಲ ಅದೂ ಕೆಟ್ಟಿತು. ರಾತ್ರಿ ಹನ್ನೊಂದಕ್ಕೆ ಮಗಳು ಅಳುತ್ತಿದ್ದಾಳೆ ಎಂದು ಅವರು ಫೋನ್ ಮಾಡಿದರು, ನಾನು ಹೋಗಿ ಕರೆದುಕೊಂಡು ಬಂದೆ. ಎರಡನೆಯ ಸಲವೂ ಹಾಗೆಯೇ. ಮಗಳಿಗೆ ಅತ್ತರೆ ಅಮ್ಮ ಬರುತ್ತಾಳೆ ಎಂದು ಗೊತ್ತಾಯಿತು, ನನಗೆ ಮಲಗಿದರೂ ಕರೆ ಬರುತ್ತದೆ ಎಂದು ಗೊತ್ತಾಯಿತು. ಮೂರನೆಯ ಸಲದ ಮೊದಲು ಕುಳಿತು ಮಾತಾಡಿದೆವು. ಜ್ವರ, ವಾಂತಿ, ಗಾಯ ಆದರೆ ಮಾತ್ರ ಫೋನ್. ಅತ್ತರೆ ಮಡಿಲಲ್ಲಿ ಕೂರಿಸಿಕೊಳ್ಳಬೇಕು, ಅಮ್ಮ ಬೆಳಿಗ್ಗೆ ಏಳಕ್ಕೆ ಬರುತ್ತಾಳೆ ಎಂದು ಹೇಳಬೇಕು, ನಾನು ಏಳಕ್ಕೆ ಸರಿಯಾಗಿ ಬಾಗಿಲಲ್ಲಿ ಇರಬೇಕು. ಅವತ್ತು ಇಪ್ಪತ್ತು ನಿಮಿಷ ಅತ್ತಳಂತೆ. ನಾನು ಒಂಬತ್ತು ಗಂಟೆ ಮಲಗಿದ್ದೆ.

ಓದುಗ ಮೂಲೆ

ನೀವು ಹೇಳಿದ್ದು ನನ್ನ ಮಾತಿಗೆ ವಿರುದ್ಧವಲ್ಲ. ನಿಮಗೆ ನಿದ್ದೆ ಸಿಕ್ಕಿತು. ಒಂಟಿತನ ಹೋಯಿತೇ?

ಬೆಳಗಿನ ಜಾವ

ಅರ್ಧ ಹೋಯಿತು. ಉಳಿದ ಅರ್ಧದ ಬಗ್ಗೆ ಯೋಚಿಸುವ ಚೈತನ್ಯ ಬಂತು. ನಿದ್ದೆಯಿಲ್ಲದಾಗ ಎಲ್ಲವೂ ಒಂಟಿತನದ ಹಾಗೆಯೇ ಕಾಣುತ್ತಿತ್ತು.

ಕಿಟಕಿ ಪಕ್ಕ

ನಾನು ಮಗುವಿನ ಕಡೆಯವಳು. ನನಗೆ ಏಳು ವರ್ಷವಿದ್ದಾಗ ಅಪ್ಪ ಅಮ್ಮ ಬೇರೆಯಾದರು, ನಾನು ಅಮ್ಮನ ಜೊತೆ ಬೆಳೆದೆ. ರಾತ್ರಿ ಊಟವಾದ ಮೇಲೆ ಅಮ್ಮ ನನ್ನ ಮಂಚದ ಅಂಚಿನಲ್ಲಿ ಕುಳಿತು ಎಲ್ಲ ಹೇಳುತ್ತಿದ್ದಳು. ಬಾಡಿಗೆ ಎಷ್ಟು ಬಾಕಿ, ಕಚೇರಿಯಲ್ಲಿ ಯಾರು ಏನೆಂದರು, ಅಪ್ಪ ಫೋನಿನಲ್ಲಿ ಏನು ಮಾತಾಡಿದರು. "ನೀನೊಬ್ಬಳೇ ನನಗೆ" ಎನ್ನುತ್ತಿದ್ದಳು. ನನಗೆ ಹೆಮ್ಮೆಯಾಗುತ್ತಿತ್ತು, ದೊಡ್ಡವಳಾದೆ ಎಂದು.

ಎಂಟು ವರ್ಷಕ್ಕೇ ತಿಂಗಳ ಕೊನೆಯ ವಾರದಲ್ಲಿ ನಾನು ಪೆನ್ಸಿಲ್ ಕೇಳುತ್ತಿರಲಿಲ್ಲ. ಶಾಲೆಯಲ್ಲಿ ಹೊಟ್ಟೆನೋವು ಬಂದರೂ ಮನೆಗೆ ಫೋನ್ ಮಾಡಬೇಡಿ ಎನ್ನುತ್ತಿದ್ದೆ, ಅಮ್ಮನಿಗೆ ರಜೆ ಹೋಗುತ್ತದಲ್ಲ. ಅಪ್ಪನ ಮನೆಯಲ್ಲಿ ನಕ್ಕರೆ ಅಮ್ಮನಿಗೆ ಮೋಸ ಮಾಡಿದಂತೆ ಅನಿಸುತ್ತಿತ್ತು. ಅಮ್ಮ ಕೆಟ್ಟವಳಲ್ಲ, ಅವಳಿಗೆ ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಈಗ ನನಗೆ 33. ಇಂದಿಗೂ ಯಾರಾದರೂ ಸುಮ್ಮನೆ ಕುಳಿತಿದ್ದರೆ ನಾನೇನೋ ಸರಿಪಡಿಸಬೇಕು ಎಂದು ಎದ್ದುಬಿಡುತ್ತೇನೆ.

ನೀಲಿಕೊಡೆ ಅಕ್ಕ, ನೀವು ಹೀಗೆ ಮಾಡುತ್ತಿದ್ದೀರಿ ಎಂದು ಹೇಳುತ್ತಿಲ್ಲ. ದಯವಿಟ್ಟು ತಪ್ಪು ತಿಳಿಯಬೇಡಿ.

ನೀಲಿಕೊಡೆ

ತಪ್ಪು ತಿಳಿದಿಲ್ಲ. ಇದನ್ನು ಓದಿ ಒಂದು ದಿನ ಉತ್ತರ ಬರೆಯಲಾಗಲಿಲ್ಲ.

ಕಳೆದ ತಿಂಗಳು ನಾನು ಅಡುಗೆಮನೆಯಲ್ಲಿ ಅಳುತ್ತಿದ್ದಾಗ ಅವನು ಬಂದು ನನ್ನ ಕನ್ನಡಕ ತೆಗೆದು, ತನ್ನ ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿದ. "ನಾನು ಅಪ್ಪನ ಮನೆಗೆ ಈ ಸಲ ಹೋಗುವುದಿಲ್ಲ, ನೀನು ಒಬ್ಬಳೇ ಆಗುತ್ತೀಯೆ" ಎಂದ. ನಾನು ಅವನನ್ನು ಅಪ್ಪಿಕೊಂಡು "ನನ್ನ ಬಂಗಾರ" ಎಂದೆ. ಅದನ್ನು ಪ್ರೀತಿ ಎಂದೇ ತಿಳಿದಿದ್ದೆ. ಪ್ರೀತಿಯೇ, ಆದರೆ ಐದು ವರ್ಷದವನು ನನ್ನ ಶುಕ್ರವಾರವನ್ನು ಲೆಕ್ಕ ಹಾಕುತ್ತಿದ್ದಾನೆ.

ಕಿಟಕಿ ಪಕ್ಕ

ಅವನೆದುರು ಅಳಲೇಬಾರದು ಎಂದಲ್ಲ ಅಕ್ಕ. ಅಮ್ಮ ಅತ್ತದ್ದರಿಂದ ನನಗೆ ತೊಂದರೆಯಾಗಲಿಲ್ಲ, ಅದನ್ನು ನಿಲ್ಲಿಸುವುದು ನನ್ನ ಕೆಲಸ ಎಂದುಕೊಂಡದ್ದರಿಂದ ಆಯಿತು. "ನನಗೆ ಇವತ್ತು ಬೇಸರ, ನಾನು ದೊಡ್ಡಮ್ಮನಿಗೆ ಫೋನ್ ಮಾಡುತ್ತೇನೆ" ಎಂದು ಅಮ್ಮ ಒಮ್ಮೆಯಾದರೂ ಹೇಳಿದ್ದರೆ ನಾನು ಆಟಕ್ಕೆ ಓಡುತ್ತಿದ್ದೆ.

ಹಸಿರು ಬಾಗಿಲು

ಅವನನ್ನು ನಿಮ್ಮ ಪಕ್ಕದಲ್ಲೇ ಮಲಗಿಸಿಕೊಂಡರೆ ಇಬ್ಬರಿಗೂ ನಿದ್ದೆ ಬರಬಹುದು. ಬೇರೆ ಕೋಣೆ ಏಕೆ?

ಇಬ್ಬರು ಹೆಣ್ಣುಮಕ್ಕಳ ಅಪ್ಪ

ನನ್ನ ಚಿಕ್ಕವಳು ಒಂದು ವರ್ಷ ನನ್ನ ಪಕ್ಕದಲ್ಲೇ ಮಲಗಿದಳು. ಅವಳಿಗೆ ನಿದ್ದೆ ಬಂತು, ನನಗೆ ಬೆನ್ನಿಗೆ ಒದೆ ಬಿತ್ತು.

ಕಿಟಕಿ ಪಕ್ಕ

ಯಾರಿಗಾಗಿ ಮಲಗಿಸಿಕೊಳ್ಳುತ್ತೇವೆ ಎನ್ನುವುದು ಮುಖ್ಯ ಎಂದು ನನಗನಿಸುತ್ತದೆ. ಮಗುವಿಗೆ ಹೆದರಿಕೆಯಾದರೆ ಸರಿ. ಅಮ್ಮನಿಗೆ ಮನೆ ಖಾಲಿ ಅನಿಸಿದರೆ ಮಗುವಿಗೆ ಅದು ಗೊತ್ತಾಗುತ್ತದೆ.

ಹಸಿರು ಬಾಗಿಲು

ಇಷ್ಟು ಸೂಕ್ಷ್ಮ ನೋಡಿದರೆ ಬದುಕುವುದು ಹೇಗೆ? ನನ್ನ ಮಗ ಒಂಬತ್ತರವರೆಗೆ ನನ್ನ ಜೊತೆ ಮಲಗಿದ, ಚೆನ್ನಾಗಿಯೇ ಇದ್ದಾನೆ.

ರಾತ್ರಿಪಾಳಿ

ಇದರಲ್ಲಿ ಒಂದೇ ಸರಿ ಉತ್ತರವಿಲ್ಲ. ಬಿಡೋಣ.

ನೀಲಿಕೊಡೆ, ಮುಂದಿನ ಶುಕ್ರವಾರಕ್ಕೆ ಒಂದು ಕೆಲಸ ಮಾಡಿ ನೋಡಿ. ವಾರ್ಡಿನಲ್ಲಿ ಪಾಳಿ ಮುಗಿದಾಗ ನಾವು ಸುಮ್ಮನೆ ಚೀಲ ಎತ್ತಿಕೊಂಡು ಹೊರಡುವುದಿಲ್ಲ. ಪ್ರತಿ ಹಾಸಿಗೆಯ ಬಳಿ ನಿಂತು ಹೇಳುತ್ತೇವೆ: ಮಗು ಯಾರು, ಇಂದು ಏನಾಯಿತು, ಈಗ ಹೇಗಿದೆ, ರಾತ್ರಿ ಏನನ್ನು ಗಮನಿಸಬೇಕು. ಬಂದವರು ಅದನ್ನು ತಿರುಗಿ ಹೇಳುತ್ತಾರೆ. ಆಮೇಲೆ ಆ ಮಗು ಅವರದ್ದು. ನಾನು ಮನೆಗೆ ಹೋದ ಮೇಲೆ ಅವರು ನನಗೆ ಕರೆ ಮಾಡುವುದಿಲ್ಲ. ನಾನು ಬಳಸುವ ಹೊದಿಕೆಯನ್ನೇ ಅವರು ಹೊದಿಸಬೇಕು ಎಂದೂ ಇಲ್ಲ.

ನೀವೂ ಒಂದು ಹಾಳೆ ಬರೆಯಿರಿ. ಮಲಗುವ ಸಮಯ, ಕೆಮ್ಮಿದರೆ ಏನು, ಜ್ವರದ ಅಳತೆ, ಅವನ ವೈದ್ಯರ ಸಂಖ್ಯೆ, ಈ ವಾರ ಅವನನ್ನು ಕಾಡಿದ ಒಂದು ವಿಷಯ. ಹೊದಿಕೆ ಚೀಲದ ಮೇಲ್ಗಡೆ ಇರಲಿ. ಅವನ ಅಪ್ಪನ ಜೊತೆ ಹತ್ತು ನಿಮಿಷ ಕುಳಿತು ಓದಿ. ಯಾವುದಕ್ಕೆ ಕರೆ ಮಾಡಬೇಕು ಎಂದು ಇಬ್ಬರೂ ಒಪ್ಪಿಕೊಳ್ಳಿ. ಉಳಿದದ್ದು ಅವರ ತೀರ್ಮಾನ. ಅವರು ತಪ್ಪಾಗಿ ಮಾಡುತ್ತಾರೆ ಅನಿಸಿದಾಗ ಸುಮ್ಮನಿರುವುದು ಕಷ್ಟ, ನನಗೂ ಆಗಿತ್ತು. ಆದರೆ ನೀವು ಸರಿಪಡಿಸುತ್ತಾ ಇರುವವರೆಗೆ ಅವರು ಕೇಳುತ್ತಲೇ ಇರುತ್ತಾರೆ.

ಮೊದಲ ಸಲವೇ ನಿದ್ದೆ ಬಂದುಬಿಡುತ್ತದೆ ಎಂದು ಕಾಯಬೇಡಿ. ಒಂದೂವರೆ ವರ್ಷ ಕಾವಲು ಕಾದ ದೇಹ ಒಂದು ರಾತ್ರಿಯಲ್ಲಿ ನಂಬುವುದಿಲ್ಲ. ಇನ್ನೊಂದು ಮಾತು. ನಿದ್ದೆ ಸಿಕ್ಕ ಮೇಲೂ ಯಾವುದರಲ್ಲೂ ಸಂತೋಷವಿಲ್ಲ, ಮಗುವನ್ನು ನೋಡಿದರೂ ಏನೂ ಅನಿಸುತ್ತಿಲ್ಲ, ಎರಡು ವಾರ ಹೆಚ್ಚಿನ ದಿನ ಹೀಗೇ ಇದೆ ಎಂದರೆ ವೈದ್ಯರ ಬಳಿ ಹೋಗಿ. ನಾನಿಲ್ಲದಿದ್ದರೇ ಚೆನ್ನ ಎಂಬ ಯೋಚನೆ ಬಂದರೆ ಎರಡು ವಾರವೂ ಬೇಡ, ಅವತ್ತೇ ಹೋಗಿ.

ಮೌನರಾಗ

ನಿಮ್ಮೆಲ್ಲರ ಮಾತು ಓದುತ್ತಿದ್ದೇನೆ. ಪಾಳಿ ಒಪ್ಪಿಸಿ ಎನ್ನುತ್ತೀರಿ. ನನ್ನ ಮಗಳ ಅಪ್ಪ ಎರಡು ವರ್ಷದಿಂದ ಫೋನ್ ಎತ್ತಿಲ್ಲ. ನನ್ನ ತಂದೆತಾಯಿ ಇಲ್ಲ. ಮಗಳಿಗೆ ಮಾತು ಬರುವುದಿಲ್ಲ, ಅಪರಿಚಿತರ ಬಳಿ ಐದು ನಿಮಿಷ ಇರುವುದಿಲ್ಲ. ತರಗತಿಯ ಇನ್ನೊಬ್ಬ ತಾಯಿಗೆ ಅವಳನ್ನು ಒಪ್ಪಿಸಲು ಆಗುವುದಿಲ್ಲ. ನಾನು ಯಾರಿಗೆ ಹಾಳೆ ಬರೆಯಲಿ?

ರಾತ್ರಿಪಾಳಿ

ಇದಕ್ಕೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಇಡೀ ರಾತ್ರಿಯ ಮಾತು ಬಿಡಿ. ನಮ್ಮ ವಾರ್ಡಿಗೆ ಬರುವ ಅಂಥ ಮಕ್ಕಳ ತಾಯಂದಿರಲ್ಲಿ ನಾನು ನೋಡಿದ ಒಂದು ದಾರಿ ಇದೆ. ಒಬ್ಬರೇ ವ್ಯಕ್ತಿ, ಪ್ರತಿ ವಾರ ಅದೇ ದಿನ, ಅದೇ ಗಂಟೆಗೆ ಮನೆಗೆ ಬರುತ್ತಾರೆ. ಮೊದಲ ತಿಂಗಳು ನೀವೂ ಅದೇ ಕೋಣೆಯಲ್ಲಿ ಇರುತ್ತೀರಿ. ಆಮೇಲೆ ಪಕ್ಕದ ಕೋಣೆಯಲ್ಲಿ. ತಿಂಗಳುಗಳೇ ಹಿಡಿಯುತ್ತವೆ. ಒಬ್ಬ ತಾಯಿಗೆ ಕೊನೆಗೆ ಸಿಕ್ಕದ್ದು ವಾರಕ್ಕೆ ಎರಡು ಗಂಟೆ ಬಾಗಿಲು ಹಾಕಿಕೊಂಡು ಮಲಗಲು. ಅವರು ಆ ಎರಡು ಗಂಟೆಯ ಬಗ್ಗೆ ಮಾತಾಡುವಾಗ ಮುಖ ನೋಡಬೇಕಿತ್ತು.

ಮೌನರಾಗ

ಆ ಒಬ್ಬರನ್ನು ಹುಡುಕುವುದೇ ಕಷ್ಟ. ಆದರೂ ಅದೇ ಕೋಣೆಯಲ್ಲಿ ಇರಬಹುದು ಎನ್ನುವುದು ನನಗೆ ಹೊಳೆದಿರಲಿಲ್ಲ. ಬಿಟ್ಟುಹೋಗಬೇಕು ಎಂದುಕೊಂಡೇ ಯಾರನ್ನೂ ಕೇಳಿರಲಿಲ್ಲ.

ನೀಲಿಕೊಡೆ (ಐದು ವಾರದ ನಂತರ)

ಎರಡು ಶುಕ್ರವಾರ ಕಳೆದವು, ಹೇಳಬೇಕು ಅನಿಸಿತು.

ರಕ್ತ ಪರೀಕ್ಷೆ ಮಾಡಿಸಿದೆ. ಫೆರಿಟಿನ್ ಕಡಿಮೆ ಬಂತು, ಮಾತ್ರೆ ಶುರುವಾಗಿದೆ. ಹಸಿರು ಬಾಗಿಲು ಅವರಿಗೆ ಧನ್ಯವಾದ.

ಹಾಳೆ ಬರೆದೆ. ಮೊದಲು ನಾಲ್ಕು ಪುಟವಾಯಿತು. ಅದನ್ನು ಓದಿ ನನಗೇ ಗೊತ್ತಾಯಿತು, ಇದು ಒಪ್ಪಿಸುವುದಲ್ಲ, ದೂರದಿಂದ ನಾನೇ ನಡೆಸುವುದು ಎಂದು. ಹರಿದು ಒಂದು ಪುಟಕ್ಕೆ ಇಳಿಸಿದೆ. ಅವನ ಅಪ್ಪ ಮೌನವಾಗಿ ಓದಿ, "ಇಷ್ಟು ದಿನ ನಾನು ಏನು ಮಾಡಿದರೂ ನಿನಗೆ ತಪ್ಪಾಗುತ್ತದೆ ಎಂದು ಕೇಳುತ್ತಿದ್ದೆ" ಎಂದರು. ನನಗೆ ಸಿಟ್ಟೂ ಬಂತು, ನಿಜ ಎಂದೂ ಅನಿಸಿತು.

ಮೊದಲ ಶುಕ್ರವಾರ ಒಂದೇ ಕರೆ ಬಂತು, ಹಾಳೆಯಲ್ಲಿ ಇಲ್ಲದ ವಿಷಯಕ್ಕೆ. "ನೀವೇ ನೋಡಿ" ಎಂದು ಇಟ್ಟೆ, ಇಟ್ಟ ಮೇಲೆ ಒಂದು ಗಂಟೆ ಎದೆ ಹೊಡೆದುಕೊಳ್ಳುತ್ತಿತ್ತು. ಮೂರಕ್ಕೆ ಎಚ್ಚರವಾಯಿತು. ಎರಡನೆಯ ಶುಕ್ರವಾರ ಫೋನ್ ಹೊರಗಿನ ಕೋಣೆಯಲ್ಲಿಟ್ಟೆ, ಅಷ್ಟು ಹತ್ತಿರದಲ್ಲಿ ಗಂಟೆ ಹೊಡೆದರೆ ಕೇಳಿಸುತ್ತದೆ. ಬರಲಿಲ್ಲ. ಐದೂವರೆಗೆ ಎಚ್ಚರವಾಯಿತು. ಖಾಲಿ ಹಾಸಿಗೆ ನೋಡಲು ಹೋಗಲಿಲ್ಲ.

ಒಂಟಿತನ ಇದೆ. ಶನಿವಾರ ಮಧ್ಯಾಹ್ನ ಅದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಓದುಗ ಮೂಲೆಯವರು ಹೇಳಿದ ಎರಡನೆಯ ಬಗೆ. ಈಗ ಅಕ್ಕನಿಗೆ ಶನಿವಾರ ಮೂರಕ್ಕೆ ಫೋನ್ ಮಾಡುತ್ತೇನೆ. ಮಗನಿಗೂ ಹೇಳಿದ್ದೇನೆ, "ನೀನು ಅಪ್ಪನ ಜೊತೆ ಇರುವಾಗ ನಾನು ದೊಡ್ಡಮ್ಮನ ಜೊತೆ ಮಾತಾಡುತ್ತಾ ಇರುತ್ತೇನೆ" ಎಂದು. ಅವನು ಸ್ವಲ್ಪ ಯೋಚಿಸಿ, "ಎಷ್ಟು ಹೊತ್ತು?" ಎಂದ. ತುಂಬಾ ಹೊತ್ತು ಎಂದೆ. ಸರಿ ಎಂದು ಚಪ್ಪಲಿ ಹಾಕಿಕೊಂಡ.

ಭಾನುವಾರ ಸಂಜೆ ಮಾತ್ರ ಇನ್ನೂ ಬಗೆಹರಿದಿಲ್ಲ. ಬಂದವನೇ ಚೀಲ ಎಸೆದು, ಸಣ್ಣ ವಿಷಯಕ್ಕೆ ಕಿರುಚಿ, ಮಲಗುವವರೆಗೆ ನನ್ನ ಮೇಲೆ ಸಿಟ್ಟು. ಅಲ್ಲಿ ಹೀಗೆ ಮಾಡುವುದಿಲ್ಲವಂತೆ. ಇದು ಯಾರ ಮನೆಯಲ್ಲಾದರೂ ಕಡಿಮೆಯಾಗಿದೆಯೇ?

ಬೆಳಗಿನ ಜಾವ

ನಮ್ಮಲ್ಲಿ ಪೂರ್ತಿ ಹೋಗಿಲ್ಲ. ಬಂದ ತಕ್ಷಣ "ಏನು ಮಾಡಿದಿರಿ, ಎಲ್ಲಿಗೆ ಹೋದಿರಿ" ಎಂದು ಕೇಳುವುದನ್ನು ಬಿಟ್ಟ ಮೇಲೆ ಅರ್ಧ ಗಂಟೆಗೆ ಇಳಿದಿದೆ. ಸುಮ್ಮನೆ ಪಕ್ಕದಲ್ಲಿ ಕುಳಿತಿರುತ್ತೇನೆ, ಅವಳೇ ಬಂದು ಒರಗುತ್ತಾಳೆ.

ಕಿಟಕಿ ಪಕ್ಕ

ನಾನೂ ಚೀಲ ಎಸೆಯುತ್ತಿದ್ದೆ. ಎರಡು ದಿನ ಅಲ್ಲಿ ಒಳ್ಳೆಯವಳಾಗಿ ಇದ್ದು ಸಾಕಾಗಿರುತ್ತಿತ್ತು. ಅಮ್ಮನ ಮನೆಗೆ ಬಂದ ಮೇಲೆ ಹಾಗೆ ಇರಬೇಕಿರಲಿಲ್ಲ.